ಕಂಪನಿಗೆ ಸಾಲವಿಲ್ಲ, ಮಾಲೀಕರಿಗಿದೆ

2019ರ ಜನವರಿ 25ರಂದು ಜೀ ಎಂಟರ್‌ಟೇನ್‌ಮೆಂಟ್ ಷೇರು ಒಂದೇ ದಿನ ಸುಮಾರು ಕಾಲು ಭಾಗ ಬೆಲೆ ಕಳೆದುಕೊಂಡಿತು. ಜೀ ಕನ್ನಡ ಸೇರಿದಂತೆ ಹಲವು ಭಾಷೆಗಳ ವಾಹಿನಿಗಳನ್ನು ನಡೆಸುವ ಈ ಕಂಪನಿಗೆ ಆಗ ಲಾಭ ಬರುತ್ತಿತ್ತು, ಹೇಳಿಕೊಳ್ಳುವಂಥ ಸಾಲವೂ ಇರಲಿಲ್ಲ. ಅದರ ಲಾಭ-ನಷ್ಟದ ಪಟ್ಟಿಯನ್ನಷ್ಟೇ ಓದಿಕೊಂಡಿದ್ದವರಿಗೆ ಈ ಕುಸಿತ ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ.

ತೊಂದರೆ ಇದ್ದದ್ದು ಮಾಲೀಕರ ಕಡೆ. ಷೇರುಪೇಟೆಯ ಭಾಷೆಯಲ್ಲಿ ಇವರು ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡಿರುವವರು. ಸುಭಾಷ್ ಚಂದ್ರ ಅವರ ಎಸ್ಸೆಲ್ ಸಮೂಹದ ಕೈಯಲ್ಲಿ ಜೀಯ ಶೇ 42ರಷ್ಟು ಷೇರುಗಳಿದ್ದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಡವಿಟ್ಟು ಸಾಲ ತಂದಿದ್ದರು. ಆ ಹಣದ ದೊಡ್ಡ ಪಾಲು ಹೋದದ್ದು ಟಿವಿಗಲ್ಲ, ಮೂಲಸೌಕರ್ಯದಂಥ ಬೇರೆ ಉದ್ಯಮಗಳಿಗೆ. ಅವು ಕೈಕೊಟ್ಟವು. ಷೇರು ಕುಸಿದ ದಿನವೇ ಸುಭಾಷ್ ಚಂದ್ರ ಬಹಿರಂಗ ಪತ್ರ ಬರೆದು, ಸಾಲ ಕೊಟ್ಟವರ ಕ್ಷಮೆ ಕೇಳಿದರು.

ಷೇರು ಅಡವಿಡುವುದು ಚಿನ್ನ ಅಡವಿಟ್ಟ ಹಾಗೆಯೇ, ಆದರೆ ಇಲ್ಲಿ ಒಡವೆಯ ಬೆಲೆ ದಿನಾ ಬದಲಾಗುತ್ತದೆ, ಸಾಲ ಕೊಟ್ಟವರು ಅದನ್ನು ದಿನಾ ನೋಡುತ್ತಿರುತ್ತಾರೆ. ಒಂದು ಲೆಕ್ಕ ಹಾಕೋಣ. ಪ್ರವರ್ತಕರೊಬ್ಬರು ತಲಾ 100 ರೂಪಾಯಿ ಬೆಲೆಯ ಒಂದು ಕೋಟಿ ಷೇರು ಅಡವಿಟ್ಟು 50 ಕೋಟಿ ಸಾಲ ಪಡೆದರು ಎನ್ನಿ. ಅಡವಿನ ಬೆಲೆ ಯಾವತ್ತೂ ಸಾಲದ ಎರಡು ಪಟ್ಟು ಇರಬೇಕೆಂಬುದು ಷರತ್ತು. ಷೇರು 70 ರೂಪಾಯಿಗೆ ಇಳಿದರೆ ಅಡವಿನ ಬೆಲೆ 70 ಕೋಟಿ. ಕೊರತೆ ತುಂಬಲು ಇನ್ನೂ ಸುಮಾರು 43 ಲಕ್ಷ ಷೇರು ಕೊಡಬೇಕು, ಇಲ್ಲವೇ ಸಾಲದಲ್ಲಿ 15 ಕೋಟಿ ತೀರಿಸಬೇಕು. ಎರಡೂ ಆಗದಿದ್ದರೆ ಸಾಲ ಕೊಟ್ಟವರು ಅಡವಿನ ಷೇರನ್ನು ಪೇಟೆಯಲ್ಲಿ ಮಾರಬಹುದು. ಮಾರಿದರೆ ಬೆಲೆ ಇನ್ನೂ ಇಳಿಯುತ್ತದೆ. ಆಗ ಉಳಿದ ಸಾಲಗಾರರ ಷರತ್ತೂ ಮುರಿಯುತ್ತದೆ, ಅವರೂ ಮಾರಲು ಬರುತ್ತಾರೆ.

ಈ ಲೆಕ್ಕದಲ್ಲಿ ಒಂದು ರೂಪಾಯಿ ಹೊಸ ಸಾಲವಿಲ್ಲ, ಆದರೂ ಅಡವು ಶೇ 43ರಷ್ಟು ಹೆಚ್ಚಿತು. ಹಾಗಾಗಿ ಅಡವು ಏರಿದ್ದನ್ನು ಕಂಡಾಗ ನಾನು ಮೊದಲು ನೋಡುವುದು ಅದೇ ಅವಧಿಯ ಷೇರು ಬೆಲೆಯನ್ನು. ಬೆಲೆ ಏರುತ್ತಿರುವಾಗ ಅಡವು ಹೆಚ್ಚಿದರೆ ಹೊಸ ಸಾಲ ಬಂದಿರಬಹುದು. ಬೆಲೆ ಇಳಿಯುತ್ತಿರುವಾಗ ಹೆಚ್ಚಿದರೆ ಹಳೆಯ ಸಾಲಕ್ಕೇ ಷೇರು ತುಂಬುತ್ತಿರುವ ಸಾಧ್ಯತೆ ಹೆಚ್ಚು. ಎರಡನೆಯದೇ ನಿದ್ದೆಗೆಡಿಸಬೇಕಾದದ್ದು, ಏಕೆಂದರೆ ತುಂಬಲು ಉಳಿದ ಷೇರು ಪ್ರತಿ ಸಲವೂ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗೆಂದು ಎಲ್ಲ ಅಡವೂ ಕೆಟ್ಟದ್ದಲ್ಲ. ಕಂಪನಿಯದೇ ಹೊಸ ಕಾರ್ಖಾನೆಯ ಸಾಲಕ್ಕೆ ಬ್ಯಾಂಕು ಪ್ರವರ್ತಕರ ಷೇರನ್ನೂ ಭದ್ರತೆಯಾಗಿ ಕೇಳುವುದುಂಟು.

ಈ ಮಾಹಿತಿ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ, ಅವಧಿ ಮುಗಿದ 21 ದಿನದೊಳಗೆ, ಕಂಪನಿಗಳು ಷೇರುದಾರರ ಪಟ್ಟಿಯನ್ನು ಬಿಎಸ್‌ಇ, ಎನ್‌ಎಸ್‌ಇಗಳಿಗೆ ಸಲ್ಲಿಸಬೇಕು. ಅಡವನ್ನು ಹೀಗೆ ಬಯಲು ಮಾಡಬೇಕೆಂದು ಸೆಬಿ ಕಡ್ಡಾಯ ಮಾಡಿದ್ದು 2009ರಲ್ಲಿ, ಸತ್ಯಂ ಹಗರಣದ ಬೆನ್ನಿಗೆ. ಅಲ್ಲಿ ಪ್ರವರ್ತಕರು ಅಡವಿಟ್ಟಿದ್ದ ಷೇರುಗಳನ್ನು ಸಾಲ ಕೊಟ್ಟವರು ಮಾರಿದ ಮೇಲಷ್ಟೇ ಹೊರಗಿನವರಿಗೆ ಅದರ ಪ್ರಮಾಣ ಗೊತ್ತಾಗಿತ್ತು. ಪಟ್ಟಿ ಓದುವಾಗ ಒಂದು ಎಚ್ಚರ ಬೇಕು: ಅಡವಿನ ಶೇಕಡಾವಾರು ಕೊಟ್ಟಿರುವುದು ಪ್ರವರ್ತಕರ ಪಾಲಿಗೆ, ಇಡೀ ಕಂಪನಿಗಲ್ಲ. ಪ್ರವರ್ತಕರ ಪಾಲು ಶೇ 20 ಇದ್ದು ಅದರಲ್ಲಿ ಶೇ 80 ಅಡವಾಗಿದ್ದರೆ, ಕಂಪನಿಯ ಶೇ 16ರಷ್ಟು ಷೇರು ಸಾಲ ಕೊಟ್ಟವರ ಹಿಡಿತದಲ್ಲಿದೆ. ಅವರು ಮಾರಿಬಿಟ್ಟರೆ ಪ್ರವರ್ತಕರಿಗೆ ಉಳಿಯುವುದು ಶೇ 4 ಮಾತ್ರ.

ಜೀಯಲ್ಲಿ ಸಾಲ ಕೊಟ್ಟವರು ಷೇರುಗಳನ್ನು ತಕ್ಷಣ ಮಾರದೆ 2019ರ ಸೆಪ್ಟೆಂಬರ್‌ವರೆಗೆ ಕಾಯಲು ಒಪ್ಪಿದರು. ಆ ಅವಧಿಯಲ್ಲೂ ಆಮೇಲೂ ಸಮೂಹ ತನ್ನ ಪಾಲನ್ನು ಕಂತುಕಂತಾಗಿ ಮಾರಿತು. ವರ್ಷದ ಕೊನೆಗೆ ಶೇ 42ರಲ್ಲಿ ಉಳಿದದ್ದು ಸುಮಾರು ಶೇ 5. 2021ರಲ್ಲಿ ದೊಡ್ಡ ಷೇರುದಾರನಾದ ಇನ್ವೆಸ್ಕೊ, ಸುಭಾಷ್ ಚಂದ್ರ ಅವರ ಮಗ ಪುನೀತ್ ಗೋಯೆಂಕಾ ಅವರನ್ನು ಆಡಳಿತ ಮಂಡಳಿಯಿಂದ ತೆಗೆಯಬೇಕೆಂದು ಪಟ್ಟು ಹಿಡಿಯಿತು. ಶೇ 42 ಕೈಯಲ್ಲಿದ್ದಿದ್ದರೆ ಆ ಬೇಡಿಕೆಗೆ ಬಲವೇ ಬರುತ್ತಿರಲಿಲ್ಲ. ಮರುವರ್ಷ ಇನ್ವೆಸ್ಕೊ ಬೇಡಿಕೆ ಕೈಬಿಟ್ಟಿತು, ಅದು ಬೇರೆ ಮಾತು.

2019ರ ಅಕ್ಟೋಬರ್‌ನಿಂದ ಸೆಬಿ ಇನ್ನೊಂದು ಬಿಗಿ ತಂದಿದೆ. ಅಡವು ಪ್ರವರ್ತಕರ ಪಾಲಿನ ಅರ್ಧವನ್ನೋ ಕಂಪನಿಯ ಒಟ್ಟು ಷೇರಿನ ಶೇ 20ನ್ನೋ ಮುಟ್ಟಿದರೆ ಅದರ ಕಾರಣವನ್ನು ಬರೆದು ತಿಳಿಸಬೇಕು. ಕಾರಣದ ಜಾಗದಲ್ಲಿ ಪ್ರವರ್ತಕರ ಇನ್ನೊಂದು ಖಾಸಗಿ ಕಂಪನಿಯ ಹೆಸರು ಕಂಡರೆ ಆ ಕಂಪನಿ ಏನು ಮಾಡುತ್ತದೆಂದು ಹುಡುಕಿ ನೋಡುವುದು ಒಳ್ಳೆಯದು. ಇನ್ನು ಅಡವು ಇಳಿಯಿತೆಂದು ಸಂಭ್ರಮಿಸುವ ಮೊದಲು ಪ್ರವರ್ತಕರ ಪಾಲಿನ ಕಾಲಂ ಕೂಡ ನೋಡಬೇಕು. ಸಾಲ ತೀರಿಸಿದರೂ ಅಡವು ಇಳಿಯುತ್ತದೆ, ಅಡವಿನ ಷೇರು ಮಾರಿಹೋದರೂ ಇಳಿಯುತ್ತದೆ.