ವೀಡಿಯೊ ನಿಂತಿದೆ: ತಪ್ಪು ನೆಟ್‌ನದೋ, ಫೋನ್‌ನದೋ, ವೀಡಿಯೊದ್ದೋ?

ಇವತ್ತಿನ ಮಾತು ಮುಖ್ಯವಾಗಿ ನಮ್ಮ ಮನೆಗಳ ಹುಡುಗ ಹುಡುಗಿಯರಿಗೆ. ಅಜ್ಜಿ ಊರಿನ ಯಕ್ಷಗಾನವನ್ನೋ ದೇವಸ್ಥಾನದ ರಥೋತ್ಸವವನ್ನೋ ನೋಡುತ್ತಿರುವಾಗ ಪರದೆಯ ಮೇಲೆ ಚಕ್ರ ಸುತ್ತತೊಡಗಿದರೆ ಕರೆ ಬರುವುದು ನಿಮಗೇ. ನೀವು ಬಂದು ಮೊದಲು ಹೇಳುವ ಮಾತು "ನೆಟ್ ಸರಿ ಇಲ್ಲ" ಎಂದು. ಎಷ್ಟೋ ಸಲ ಅದು ನಿಜ. ಆದರೆ ನೆಟ್ ಸರಿಯಾಗಿಯೇ ಇದ್ದು ರೂಟರನ್ನು ಆರಿಸಿ ಹಚ್ಚಿದ್ದೇ ಬಂದ ಭಾಗ್ಯವಾಗುವುದೂ ಉಂಟು.

ವೀಡಿಯೊ ನಮ್ಮ ತನಕ ಬರುವ ದಾರಿಯನ್ನು ಕುವೈತಿನ ಕಟ್ಟಡದ ನೀರಿಗೆ ಹೋಲಿಸಬಹುದು. ಹೊರಗಿನಿಂದ ನೀರು ತರುವ ಕೊಳವೆ ನೆಟ್. ಮಾಳಿಗೆಯ ಮೇಲಿನ ತೊಟ್ಟಿಯೇ ಬಫರ್, ಅಂದರೆ ಮುಂದಿನ ಕೆಲವು ಸೆಕೆಂಡುಗಳಿಗೆ ಬೇಕಾದ ವೀಡಿಯೊವನ್ನು ಮೊದಲೇ ತುಂಬಿಟ್ಟುಕೊಳ್ಳುವ ಜಾಗ. ಮನೆಯೊಳಗಿನ ನಲ್ಲಿ ನಿಮ್ಮ ಫೋನ್, ಟೀವಿ ಅಥವಾ ಲ್ಯಾಪ್‌ಟಾಪ್. ತೊಟ್ಟಿ ಬರಿದಾಗಿದ್ದರೆ ತೊಂದರೆ ಅದರ ಹಿಂದೆ ಎಲ್ಲೋ ಇದೆ. ತೊಟ್ಟಿ ತುಂಬಿದ್ದೂ ನೀರು ಸರಿಯಾಗಿ ಬಾರದಿದ್ದರೆ ನಲ್ಲಿಯನ್ನು ನೋಡಬೇಕು. ನೀರೇ ಕಲಕಾಗಿ ಬಂದಿದ್ದರೆ ಯಾವ ಮನೆಯ ನಲ್ಲಿ ತಿರುಗಿಸಿದರೂ ಕಲಕೇ.

ಈ ತೊಟ್ಟಿಯನ್ನು ಕಣ್ಣಾರೆ ನೋಡಬಹುದು. ಯೂಟ್ಯೂಬಿನಲ್ಲಿ ಕೆಂಪು ಗೆರೆಯ ಮುಂದೆ ತಿಳಿ ಬೂದು ಬಣ್ಣದ ಗೆರೆ ಓಡುತ್ತದಲ್ಲ, ಅದೇ ತುಂಬಿಟ್ಟ ವೀಡಿಯೊ. ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ಕಂಪ್ಯೂಟರಿನಲ್ಲಿ ವೀಡಿಯೊ ಮೇಲೆ ಬಲಗಡೆಯ ಬಟನ್ ಒತ್ತಿ "Stats for nerds" ಆರಿಸಿಕೊಳ್ಳಿ. ಫೋನಿನಲ್ಲಾದರೆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಒಮ್ಮೆ ಆನ್ ಮಾಡಬೇಕು. ಪರದೆಯ ಮೂಲೆಯಲ್ಲಿ ಒಂದು ಕಪ್ಪು ಚೌಕ ಬರುತ್ತದೆ. ಅದರಲ್ಲಿರುವುದೆಲ್ಲ ನಮಗೆ ಬೇಡ, ಎರಡು ಸಾಲು ಸಾಕು. "Buffer Health" ಎಂದರೆ ತೊಟ್ಟಿಯಲ್ಲಿ ಎಷ್ಟು ಸೆಕೆಂಡಿನ ವೀಡಿಯೊ ಇದೆ ಎಂಬುದು. "Frames" ಪಕ್ಕದ "dropped" ಎಂದರೆ ಬಂದು ತಲುಪಿದರೂ ನಿಮ್ಮ ಯಂತ್ರ ತೋರಿಸಲಾಗದೆ ಕೈಬಿಟ್ಟ ಚಿತ್ರಗಳ ಲೆಕ್ಕ.

Buffer Health ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು, ಆಗ ಚಕ್ರ ಸುತ್ತಿದರೆ ನೆಟ್ ಮೇಲೆ ಸಂಶಯ ಪಡಬಹುದು. Buffer Health ಮೂವತ್ತು ಸೆಕೆಂಡು ತೋರಿಸುತ್ತಿದ್ದು, ಮಾತು ಹಾಡು ಸರಾಗವಾಗಿ ಕೇಳಿಸುತ್ತಿದ್ದು, ಚಿತ್ರ ಮಾತ್ರ ಜಗ್ಗಿ ಜಗ್ಗಿ ಓಡುತ್ತಿದ್ದರೆ, ಜೊತೆಗೆ dropped ಏರುತ್ತಲೇ ಇದ್ದರೆ, ಅದು ಯಂತ್ರದ ತೊಂದರೆ. ಎರಡೂ ಚೆನ್ನಾಗಿದ್ದು, ಪ್ರತಿ ಸಲವೂ ಅದೇ ನಿಮಿಷ ಅದೇ ಸೆಕೆಂಡಿನಲ್ಲಿ ಚಿತ್ರ ನಿಲ್ಲುತ್ತಿದ್ದರೆ ವೀಡಿಯೊದಲ್ಲೇ ದೋಷವಿದೆ. ಆದ್ದರಿಂದ ನಿಂತ ತಕ್ಷಣ ಮಾಡಬೇಕಾದ ಮೊದಲ ಕೆಲಸ, ಎಷ್ಟನೇ ನಿಮಿಷದಲ್ಲಿ ನಿಂತಿತು ಎಂದು ನೋಡಿಕೊಳ್ಳುವುದು.

ಹೆಚ್ಚಿನವರು ಮೊದಲು ಮಾಡುವುದು ಗುಣಮಟ್ಟವನ್ನು 1080ರಿಂದ 480ಕ್ಕೆ ಇಳಿಸುವುದು. ವೀಡಿಯೊ ಓಡುತ್ತದೆ, ಸರಿ. ಆದರೆ ಕಾರಣ ತಿಳಿಯುವುದಿಲ್ಲ, ಏಕೆಂದರೆ ಗುಣಮಟ್ಟ ಇಳಿಸಿದರೆ ನೆಟ್‌ನ ಹೊರೆಯೂ ಯಂತ್ರದ ಹೊರೆಯೂ ಒಟ್ಟಿಗೆ ಇಳಿಯುತ್ತವೆ. ಅದು ಮದ್ದು ಹೌದು, ರೋಗ ಪತ್ತೆ ಅಲ್ಲ. ಅದರ ಬದಲು ಎರಡು ನಿಮಿಷ ವೀಡಿಯೊ ನಿಲ್ಲಿಸಿಟ್ಟು ಮತ್ತೆ ಓಡಿಸಿ. ತೊಟ್ಟಿ ತುಂಬಿಕೊಂಡು ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಮತ್ತೆ ನಿಂತರೆ ಅದು ನೆಟ್. ಓಡಿಸಿದ ಕೂಡಲೇ ಮತ್ತೆ ಜಗ್ಗತೊಡಗಿದರೆ ಯಂತ್ರ.

ಈಗ ಒಂದು ಉದಾಹರಣೆ ನೋಡೋಣ. ಕರಾವಳಿಯ ಒಂದು ದೇವಸ್ಥಾನದಿಂದ ಯಕ್ಷಗಾನದ ನೇರ ಪ್ರಸಾರ. ಅಲ್ಲಿ ರಾತ್ರಿ ಒಂಬತ್ತೂವರೆ, ಇಲ್ಲಿ ಸಂಜೆ ಏಳು. ಎರಡು ಮೂರು ನಿಮಿಷಕ್ಕೊಮ್ಮೆ ಪ್ರಸಾರ ನಿಲ್ಲುತ್ತಿದೆ. Buffer Health ಸೊನ್ನೆ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಇದು ನೆಟ್ ಆಗಬೇಕು. ಆದರೆ ನೇರ ಪ್ರಸಾರದಲ್ಲಿ ಈ ಲೆಕ್ಕವೊಂದೇ ಸಾಲದು. ನೇರ ಪ್ರಸಾರದ ತೊಟ್ಟಿ ಯಾವಾಗಲೂ ಚಿಕ್ಕದು, ಇನ್ನೂ ನಡೆಯದ ಪ್ರಸಂಗವನ್ನು ಮೊದಲೇ ತುಂಬಿಡಲು ಬರುವುದಿಲ್ಲವಲ್ಲ! ಅಲ್ಲಿ ರಂಗಸ್ಥಳದ ಪಕ್ಕ ಕುಳಿತು ಮೊಬೈಲ್ ಸಿಗ್ನಲ್‌ನಲ್ಲಿ ವೀಡಿಯೊ ಕಳಿಸುತ್ತಿರುವವರ ಸಂಪರ್ಕ ಕಡಿದರೂ ಇಲ್ಲಿ ನಮ್ಮ ತೊಟ್ಟಿ ಬರಿದಾಗುತ್ತದೆ.

ಹಾಗಾಗಿ ಒಂದೊಂದನ್ನೇ ಬದಲಾಯಿಸಿ ನೋಡಬೇಕು. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಅದೇ ಪ್ರಸಾರ ಹಾಕಿದರೆ ಭಾಗವತರು ಅದೇ ಸಾಲಿನಲ್ಲಿ ನಿಂತರು. ಅಂದರೆ ಮನೆಯ ವೈಫೈ ಮೇಲಿನ ಆಪಾದನೆ ಬಿತ್ತು. ಬೇರೊಂದು ಸುದ್ದಿ ಚಾನೆಲ್ಲಿನ ನೇರ ಪ್ರಸಾರ ಟೀವಿಯಲ್ಲಿ ಹಾಕಿದರೆ ಐದು ನಿಮಿಷವೂ ನಿಲ್ಲದೆ ಓಡಿತು. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಸಂದೇಶ ಕಳಿಸಿದರೆ "ಇಲ್ಲೂ ನಿಂತಿದೆ ಮಾರಾಯ್ತಿ" ಎಂದು ಉತ್ತರ. ಇನ್ನು ರೂಟರನ್ನು ಮುಟ್ಟುವ ಅಗತ್ಯವಿಲ್ಲ, ದೋಷ ಹೊರಡುವ ಜಾಗದಲ್ಲೇ ಇದೆ. ಅಜ್ಜಿಗೆ ಚಹಾ ಕೊಟ್ಟು ಕಾಯುವುದೊಂದೇ ದಾರಿ. ಮರುದಿನ ಅದೇ ಪ್ರಸಾರದ ಮುದ್ರಿಕೆ ನೋಡಿದರೆ ಕಡಿದ ಜಾಗದಲ್ಲಿ ಪದ್ಯ ಹಾರಿ ಹೋಗಿರುತ್ತದೆ. ಅದನ್ನು ಜಗತ್ತಿನ ಯಾವ ವೇಗದ ನೆಟ್ಟೂ ಮರಳಿ ತರದು.

ಮರುದಿನ ಅದೇ ಮುದ್ರಿಕೆಯನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ಬೇರೆಯದೇ ತೊಂದರೆ. ಚೆಂಡೆಯ ಸದ್ದು ಸರಿಯಾಗಿದೆ, ಆದರೆ ವೇಷ ಕುಣಿಯುವುದು ಹಿಂದೆ ಬೀಳುತ್ತಿದೆ. ಸೆಕೆಂಡಿಗೆ 60 ಚಿತ್ರಗಳ ವೀಡಿಯೊ ಎಂದರೆ ನಿಮಿಷಕ್ಕೆ 3600 ಚಿತ್ರ. ಚೌಕದಲ್ಲಿ "900 dropped of 3600" ಎಂದಿದ್ದರೆ ನಾಲ್ಕರಲ್ಲಿ ಒಂದು ಚಿತ್ರವನ್ನು ಲ್ಯಾಪ್‌ಟಾಪ್ ನುಂಗಿದೆ ಎಂದರ್ಥ. ಹೊಸ ಬಗೆಯ ವೀಡಿಯೊವನ್ನು ಬಿಡಿಸಿ ತೋರಿಸುವ ವಿಶೇಷ ಭಾಗ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ, ಎಲ್ಲವನ್ನೂ ಪ್ರೊಸೆಸರೇ ಹೆಣಗಬೇಕು. ಇಲ್ಲಿ ಮಾತ್ರ 480ಕ್ಕೆ ಇಳಿಸುವುದು ಸರಿಯಾದ ಮದ್ದು, ಆ ಮಟ್ಟದಲ್ಲಿ ಸೆಕೆಂಡಿಗೆ 30 ಚಿತ್ರವಷ್ಟೇ ಇರುತ್ತದೆ.

ನಮ್ಮ ಕುವೈತಿನ ಬೇಸಿಗೆಗೂ ಇದರಲ್ಲಿ ಪಾಲಿದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನ್ ಸುಡುವಷ್ಟು ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಜಗ್ಗಿದರೆ, ನೆಟ್ ಬೈಯುವ ಮೊದಲು ಫೋನಿನ ಬೆನ್ನು ಮುಟ್ಟಿ ನೋಡಿ.

ನೆಟ್ ಎಂದೇ ಖಚಿತವಾದರೂ ಅದು ಮನೆಯೊಳಗಿನದೋ ಹೊರಗಿನದೋ ಎಂಬ ಪ್ರಶ್ನೆ ಉಳಿಯುತ್ತದೆ. ರೂಟರಿನ ಪಕ್ಕವೇ ನಿಂತು ನೋಡಿ. ಅಲ್ಲಿ ಸರಿಯಾದರೆ ನಡುವಿನ ಕಾಂಕ್ರೀಟ್ ಗೋಡೆಗಳೇ ಕಾರಣ. ವೇಗ ಅಳೆಯುವ ಆ್ಯಪ್ ಒಳ್ಳೆಯ ಅಂಕಿ ತೋರಿಸಿತೆಂದು ಪೂರ್ತಿ ನಂಬಬೇಡಿ, ಅದು ಸಾಮಾನ್ಯವಾಗಿ ಹತ್ತಿರದ ಸರ್ವರ್‌ವರೆಗಿನ ದಾರಿಯನ್ನಷ್ಟೇ ಅಳೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಡಿಯ ಕೇಬಲ್‌ಗಳು ತುಂಡಾಗಿ ಭಾರತ, ಪಾಕಿಸ್ತಾನ, ಕೊಲ್ಲಿ ದೇಶಗಳಲ್ಲೆಲ್ಲ ನೆಟ್ ನಿಧಾನವಾಯಿತು, ಕುವೈತಿಗೂ ಅದರ ಬಿಸಿ ತಟ್ಟಿತು. ಅಂಥ ದಿನಗಳಲ್ಲಿ ಹತ್ತಿರದ ಸರ್ವರ್‌ನಲ್ಲಿ ಪ್ರತಿ ಇರುವ ಜನಪ್ರಿಯ ಹಾಡು ಚೆನ್ನಾಗಿ ಓಡಿ, ದೂರದಿಂದ ಬರಬೇಕಾದ ನಿಮ್ಮೂರಿನ ಅಪರೂಪದ ವೀಡಿಯೊ ಮಾತ್ರ ಕುಂಟಬಹುದು. ಹಾಗೆ ಕುಂಟುವ ವೀಡಿಯೊ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಒಳಗೇ ದೋಷವಿರುವ ವೀಡಿಯೊ ನಿಲ್ಲುವುದು ಒಂದೇ ಜಾಗದಲ್ಲಿ.

ವೀಡಿಯೊದ್ದೇ ತಪ್ಪು ಎಂದು ಗೊತ್ತಾದರೆ ಹಾಕಿದವರಿಗೆ ಒಂದು ಸಾಲು ಬರೆಯಿರಿ. "ನಿಮ್ಮ ವೀಡಿಯೊ ಸರಿ ಇಲ್ಲ" ಎಂದರೆ ಅವರಿಗೇನೂ ತಿಳಿಯದು. "ಒಂದು ಗಂಟೆ ಹದಿನಾಲ್ಕನೇ ನಿಮಿಷದಿಂದ ಎಡಗಿವಿಗೆ ಮಾತ್ರ ಧ್ವನಿ ಕೇಳುತ್ತದೆ, ಎರಡು ಫೋನ್ ಮತ್ತು ಒಂದು ಟೀವಿಯಲ್ಲಿ ನೋಡಿದೆವು" ಎಂದು ಬರೆದರೆ, ಮೂಲ ಮುದ್ರಿಕೆ ಅವರ ಬಳಿ ಇದ್ದರೆ ಸರಿಪಡಿಸಿ ಮತ್ತೆ ಹಾಕಬಲ್ಲರು.