ಬೇಕಾದ ಆಕಾರಕ್ಕೆ ಬೆಳಕು ಹಂಚುವ ಲೆಕ್ಕ

1972ರ ಜುಲೈನಲ್ಲಿ ಅಮೆರಿಕ ಹಾರಿಬಿಟ್ಟ ಲ್ಯಾಂಡ್‌ಸ್ಯಾಟ್-1 ಉಪಗ್ರಹದ ಚಿತ್ರಗಳಲ್ಲಿ ಒಂದು ತೊಡಕಿತ್ತು. ಸಮುದ್ರದಂಥ ಒಂದೇ ಬಗೆಯ ಜಾಗವನ್ನು ಹಿಗ್ಗಿಸಿ ನೋಡಿದರೆ ಅಡ್ಡಡ್ಡ ಪಟ್ಟೆಗಳು ಎದ್ದು ಕಾಣುತ್ತಿದ್ದವು. ಆರು ಸಾಲಿಗೊಮ್ಮೆ ಅದೇ ಪಟ್ಟೆ ಮರಳಿ ಬರುತ್ತಿತ್ತು. ಕಾರಣ ಗುಟ್ಟಿನದೇನಲ್ಲ. ಆ ಸ್ಕ್ಯಾನರಿನ ಕನ್ನಡಿ ಒಂದು ಸಲ ತೂಗಿದರೆ ನೆಲದ ಆರು ಸಾಲುಗಳು ಒಟ್ಟಿಗೆ ದಾಖಲಾಗುತ್ತಿದ್ದವು. ಒಂದೊಂದು ಸಾಲಿಗೆ ಒಂದೊಂದು ಡಿಟೆಕ್ಟರ್, ಅಂದರೆ ಬೆಳಕನ್ನು ಅಳೆಯುವ ಸಾಧನ. ಆರೂ ಒಂದೇ ತರಹ ಅಳೆಯಬೇಕಿತ್ತು, ಆದರೆ ಅಳೆಯುತ್ತಿರಲಿಲ್ಲ. ಒಂದು ತುಸು ಹೆಚ್ಚು ಹೇಳುತ್ತಿತ್ತು, ಇನ್ನೊಂದು ತುಸು ಕಡಿಮೆ.

1979ರಲ್ಲಿ ಬರ್ತೊಲ್ಡ್ ಹಾರ್ನ್ ಮತ್ತು ರಾಬರ್ಟ್ ವುಡ್‌ಹ್ಯಾಮ್ ಈ ಪಟ್ಟೆಗಳನ್ನು ತೆಗೆಯುವ ಬಗ್ಗೆ ಪ್ರಬಂಧ ಬರೆದರು. ಅದರ ಹಿಂದಿನ ತರ್ಕ ಸರಳ, ಆದರೆ ಚುರುಕಾದದ್ದು. ಒಂದು ಚಿತ್ರ ಸುಮಾರು 185 ಕಿ.ಮೀ. ಅಗಲದ ನೆಲವನ್ನು ಹಿಡಿಯುತ್ತದೆ. ಅಷ್ಟು ದೊಡ್ಡ ನೆಲದಲ್ಲಿ ಆರು ಸಾಲಿಗೊಂದರಂತೆ ಆರಿಸಿಕೊಂಡರೆ ಕಾಡು, ಹೊಲ, ನೀರು, ಊರು ಎಲ್ಲವೂ ಆರೂ ಡಿಟೆಕ್ಟರ್‌ಗಳ ಪಾಲಿಗೆ ಹೆಚ್ಚುಕಡಿಮೆ ಸಮನಾಗಿಯೇ ಬರುತ್ತವೆ. ಹಾಗಿದ್ದ ಮೇಲೆ ಎಷ್ಟು ಪಿಕ್ಸೆಲ್ ಕಪ್ಪು, ಎಷ್ಟು ಬೂದು, ಎಷ್ಟು ಬಿಳಿ ಎಂಬ ಎಣಿಕೆಯೂ ಆರರಲ್ಲಿ ಒಂದೇ ತರಹ ಇರಬೇಕು. ಇರದಿದ್ದರೆ ತಪ್ಪು ನೆಲದ್ದಲ್ಲ, ಡಿಟೆಕ್ಟರಿನದು. ಆದ್ದರಿಂದ ಆರೂ ಎಣಿಕೆಗಳನ್ನು ಒಂದೇ ಆಕಾರಕ್ಕೆ ತಂದರೆ ಪಟ್ಟೆ ಮಾಯವಾಗಬೇಕು.

ಈ ಎಣಿಕೆಯ ಚಿತ್ರವೇ ಹಿಸ್ಟೊಗ್ರಾಮ್. ಅದನ್ನು ನಾವು ಹೇಳಿದ ಆಕಾರಕ್ಕೆ ತರುವ ಕೆಲಸಕ್ಕೆ ಹಿಸ್ಟೊಗ್ರಾಮ್ ಮ್ಯಾಚಿಂಗ್ ಎನ್ನುತ್ತಾರೆ. ಇಡೀ ಲೆಕ್ಕ ನಿಂತಿರುವುದು ಹತ್ತನೇ ತರಗತಿಯಲ್ಲಿ ಓಜೀವ್ ಎಳೆಯಲು ನಾವೆಲ್ಲ ಬರೆದ ಸಂಚಿತ ಆವೃತ್ತಿ ಪಟ್ಟಿಯ ಮೇಲೆ. ಆರು ಡಿಟೆಕ್ಟರ್‌ಗಳ ಬದಲು ಹದಿನಾರು ಪಿಕ್ಸೆಲ್‌ಗಳ ಒಂದು ಪುಟ್ಟ ಚಿತ್ರ ತೆಗೆದುಕೊಂಡು ಅದನ್ನು ಕೈಯಲ್ಲೇ ಮಾಡಿ ನೋಡೋಣ. ಹೊಳಪಿಗೆ 0ರಿಂದ 7ರವರೆಗೆ ಎಂಟು ಮಟ್ಟಗಳಿರಲಿ. 0 ಅಂದರೆ ಕಡುಗಪ್ಪು, 7 ಅಂದರೆ ಬಿಳಿ.

```
0 1 1 2
1 1 2 2
1 2 2 3
2 2 3 5
```

ಚಿತ್ರ ಮಬ್ಬಾಗಿದೆ. ಹದಿನಾರರಲ್ಲಿ ಹದಿಮೂರು ಪಿಕ್ಸೆಲ್‌ಗಳು 2ನೇ ಮಟ್ಟದಲ್ಲಿ ಅಥವಾ ಅದರ ಕೆಳಗೆ ಇವೆ. 4, 6, 7 ಎಂಬ ಮಟ್ಟಗಳನ್ನು ಯಾರೂ ಮುಟ್ಟಿಯೇ ಇಲ್ಲ. ನಮಗೆ ಬೇಕಾದದ್ದು ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಗುಡ್ಡದ ಆಕಾರ: 0ರಲ್ಲಿ ಒಂದು ಪಿಕ್ಸೆಲ್, 1ರಲ್ಲಿ ಎರಡು, 2ರಲ್ಲಿ ಎರಡು, 3ರಲ್ಲಿ ಮೂರು, ಆಮೇಲೆ ಅದೇ ಕ್ರಮ ತಿರುಗಿ. ಎರಡನ್ನೂ ಪಕ್ಕಪಕ್ಕ ಬರೆದು, ಪ್ರತಿ ಮಟ್ಟದವರೆಗಿನ ಮೊತ್ತವನ್ನೂ ಹಾಕಿಕೊಳ್ಳೋಣ.

| ಮಟ್ಟ | ಇರುವ ಎಣಿಕೆ | ಇರುವ ಸಂಚಿತ | ಬೇಕಾದ ಎಣಿಕೆ | ಬೇಕಾದ ಸಂಚಿತ |
|---|---|---|---|---|
| 0 | 1 | 1 | 1 | 1 |
| 1 | 5 | 6 | 2 | 3 |
| 2 | 7 | 13 | 2 | 5 |
| 3 | 2 | 15 | 3 | 8 |
| 4 | 0 | 15 | 3 | 11 |
| 5 | 1 | 16 | 2 | 13 |
| 6 | 0 | 16 | 2 | 15 |
| 7 | 0 | 16 | 1 | 16 |

ನಿಜವಾದ ಚಿತ್ರಗಳಲ್ಲಿ ಈ ಮೊತ್ತಗಳನ್ನು ಒಟ್ಟು ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಿ 0ಯಿಂದ 1ರೊಳಗಿನ ದಶಮಾಂಶ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಬೇರೆ ಬೇರೆ ಗಾತ್ರದ ಚಿತ್ರಗಳನ್ನೂ ಹೋಲಿಸಬಹುದು. ಇಲ್ಲಿ ಎರಡೂ ಕಡೆ ಹದಿನಾರೇ ಇರುವುದರಿಂದ ಭಾಗಾಕಾರದ ಗೋಜಿಲ್ಲ.

ಸಂಚಿತವನ್ನೇ ಏಕೆ ನೋಡಬೇಕು? ಅದು ಪಿಕ್ಸೆಲ್‌ನ ಸ್ಥಾನವನ್ನು ಹೇಳುತ್ತದೆ. ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ ಹದಿನಾರನ್ನೂ ಹೊಳಪಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ, 2ನೇ ಮಟ್ಟದವರು 13ನೇ ಜಾಗಕ್ಕೆ ಮುಗಿಯುತ್ತಾರೆ. ನಮಗೆ ಬೇಕಾದ ಸಾಲಿನಲ್ಲಿ 13ನೇ ಜಾಗಕ್ಕೆ ಮುಗಿಯುವವರು ಯಾರು? 5ನೇ ಮಟ್ಟದವರು. ಹಾಗಾದರೆ ಹಳೆಯ 2 ಇನ್ನು ಮುಂದೆ 5. ಹೊಂದಿಕೆಯ ಒಳಗುಟ್ಟು ಇಷ್ಟೇ. ಸಾಲಿನಲ್ಲಿ ಯಾರೂ ಯಾರನ್ನೂ ದಾಟಿ ಮುಂದೆ ಹೋಗುವುದಿಲ್ಲ, ಅವರವರ ಎತ್ತರವನ್ನಷ್ಟೇ ಬದಲಿಸುತ್ತೇವೆ.

ಉಳಿದವನ್ನೂ ಹೀಗೆ ಹುಡುಕೋಣ. 0ಯ ಸಂಚಿತ 1. ಬೇಕಾದ ಪಟ್ಟಿಯಲ್ಲಿ 1 ಇರುವುದು 0ಯ ಎದುರು, ಹಾಗಾಗಿ 0 ಅಲ್ಲೇ ಉಳಿಯಿತು. 3ರ ಸಂಚಿತ 15, ಅದು 6ರ ಎದುರಿದೆ. 5ರ ಸಂಚಿತ 16, ಅದು 7ರ ಎದುರಿದೆ. ಪೇಚಿಗಿಡುವುದು 1ನೇ ಮಟ್ಟ. ಅದರ ಸಂಚಿತ 6, ಆದರೆ ಬೇಕಾದ ಪಟ್ಟಿಯಲ್ಲಿ 6 ಎಂಬುದೇ ಇಲ್ಲ. 5 ಇದೆ, 8 ಇದೆ. ಹತ್ತಿರದ್ದನ್ನು ಹಿಡಿ ಎಂಬುದು ಒಂದು ನಿಯಮ, ಆಗ 5ರ ಎದುರಿನ 2 ಸಿಗುತ್ತದೆ. ಸಮ ಅಥವಾ ಮೇಲಿನದನ್ನು ಹಿಡಿ ಎಂಬುದು ಇನ್ನೊಂದು ನಿಯಮ, ಆಗ 8ರ ಎದುರಿನ 3 ಸಿಗುತ್ತದೆ. ಎರಡೂ ಬಳಕೆಯಲ್ಲಿವೆ, ಹಾಗಾಗಿ ಎರಡು ಸಾಫ್ಟ್‌ವೇರ್‌ಗಳು ಒಂದೇ ಚಿತ್ರಕ್ಕೆ ಬೇರೆ ಬೇರೆ ಉತ್ತರ ಕೊಟ್ಟರೆ ಬೆರಗಾಗಬೇಕಿಲ್ಲ. ನನ್ನ ಒಲವು ಹತ್ತಿರದ್ದರ ಕಡೆಗೆ. ಅದರಂತೆ ಹೊಸ ಚಿತ್ರ ಹೀಗೆ:

```
0 2 2 5
2 2 5 5
2 5 5 6
5 5 6 7
```

ಮೊದಲು 1 ಮತ್ತು 2ರ ನಡುವೆ ಇದ್ದದ್ದು ಒಂದೇ ಮೆಟ್ಟಿಲಿನ ಅಂತರ. ಈಗ ಅದು ಮೂರು ಮೆಟ್ಟಿಲು. ಮಬ್ಬಿನಲ್ಲಿ ಒಂದಾಗಿ ಕಾಣುತ್ತಿದ್ದ ಎರಡು ಭಾಗಗಳ ನಡುವಿನ ಗಡಿ ಕಣ್ಣಿಗೆ ಬೀಳುತ್ತದೆ.

ಆದರೆ ಕೇಳಿದ ಗುಡ್ಡ ಸಿಕ್ಕಿತೇ? ಹೊಸ ಚಿತ್ರದ ಎಣಿಕೆ ನೋಡಿ: 0ರಲ್ಲಿ 1, 2ರಲ್ಲಿ 5, 5ರಲ್ಲಿ 7, 6ರಲ್ಲಿ 2, 7ರಲ್ಲಿ 1. ಗುಡ್ಡದ ನೆತ್ತಿಯಾಗಬೇಕಿದ್ದ 3 ಮತ್ತು 4ರಲ್ಲಿ ಒಂದು ಪಿಕ್ಸೆಲ್ಲೂ ಇಲ್ಲ! ಲೆಕ್ಕ ತಪ್ಪಿದೆ ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ. ಲೆಕ್ಕ ತಪ್ಪಿಲ್ಲ. 2ನೇ ಮಟ್ಟದಲ್ಲಿ ಏಳು ಪಿಕ್ಸೆಲ್‌ಗಳಿದ್ದವು, ಏಳಕ್ಕೂ ಇದ್ದದ್ದು ಒಂದೇ ಅಂಕಿ. ಅವುಗಳಲ್ಲಿ ಮೂರನ್ನು 3ಕ್ಕೂ ಉಳಿದವನ್ನು 4ಕ್ಕೂ ಕಳಿಸಲು ನಮ್ಮ ಕೈಯಲ್ಲಿ ಆಧಾರವೇನೂ ಇಲ್ಲ. ಒಂದು ಮಟ್ಟದವರು ಹೋದರೆ ಎಲ್ಲರೂ ಒಟ್ಟಿಗೇ ಹೋಗಬೇಕು. ಒಟ್ಟಾಗಿ ನಿಂತವರನ್ನು ಈ ವಿಧಾನ ಒಡೆಯಲಾರದು.

ಆದ್ದರಿಂದ ಫಲಿತಾಂಶವನ್ನು ಕಂಬಗಳ ಎತ್ತರ ಹೋಲಿಸಿ ಅಳೆಯಬಾರದು, ಸಂಚಿತಗಳನ್ನು ಹೋಲಿಸಬೇಕು. ಹೊಸ ಚಿತ್ರದ ಸಂಚಿತ 1, 1, 6, 6, 6, 13, 15, 16. ಬೇಕಾದದ್ದು 1, 3, 5, 8, 11, 13, 15, 16. 5ರಿಂದ ಮೇಲೆ ಎರಡೂ ಕರಾರುವಾಕ್ಕಾಗಿ ಕೂಡುತ್ತವೆ. ಹೆಚ್ಚು ವ್ಯತ್ಯಾಸ ಇರುವುದು 4ನೇ ಮಟ್ಟದಲ್ಲಿ, 11 ಬೇಕಾದಲ್ಲಿ 6. ಎಂಟೂ ಮಟ್ಟಗಳ ವ್ಯತ್ಯಾಸ ಕೂಡಿಸಿದರೆ 10 ಬರುತ್ತದೆ. 1ನ್ನು 2ರ ಬದಲು 3ಕ್ಕೆ ಕಳಿಸಿದ್ದರೆ ಈ ಮೊತ್ತ 13 ಆಗುತ್ತಿತ್ತು. ಹತ್ತಿರದ ನಿಯಮದ ಕಡೆಗೆ ನಾನು ವಾಲಿದ್ದು ಈ ಕಾರಣಕ್ಕೆ. 256 ಮಟ್ಟಗಳ, ಲಕ್ಷಾಂತರ ಪಿಕ್ಸೆಲ್‌ಗಳ ಚಿತ್ರದಲ್ಲಿ ಈ ಗುಂಪುಗಳು ಸಣ್ಣವಾಗುವುದರಿಂದ ಎರಡು ಗೆರೆಗಳು ಬಹಳ ಹತ್ತಿರ ಬರುತ್ತವೆ. ಆದರೂ ತೀರಾ ಕತ್ತಲೆಯ ಚಿತ್ರವನ್ನು ಹಿಗ್ಗಿಸಿದಾಗ ಹಿಸ್ಟೊಗ್ರಾಮ್ ಬಾಚಣಿಗೆಯ ಹಲ್ಲುಗಳಂತೆ ಸಂದು ಬಿಟ್ಟು ನಿಲ್ಲುತ್ತದೆ. ಚಿತ್ರವನ್ನು ಯಾರೋ ತಿದ್ದಿದ್ದಾರೆ ಎಂದು ಗುರುತಿಸಲು ಆ ಸಂದುಗಳೇ ಸುಳಿವು.

ಇನ್ನೊಂದು ಹಳ್ಳವಿದೆ. ಪಠ್ಯಪುಸ್ತಕಗಳು ಈ ಕೆಲಸವನ್ನು ಸಾಮಾನ್ಯವಾಗಿ ಎರಡು ಹಂತದಲ್ಲಿ ಕಲಿಸುತ್ತವೆ. ಮೊದಲು ಎರಡೂ ಸಂಚಿತಗಳನ್ನು 7ರಿಂದ ಗುಣಿಸಿ 16ರಿಂದ ಭಾಗಿಸಿ ಪೂರ್ಣಾಂಕ ಮಾಡಿಕೊಳ್ಳಿ, ಆಮೇಲೆ ಆ ಪೂರ್ಣಾಂಕಗಳನ್ನು ಹೊಂದಿಸಿ ಎಂದು. ಅರ್ಥಮಾಡಿಸಲು ಈ ದಾರಿ ಚೆನ್ನ, ಲೆಕ್ಕಕ್ಕೆ ಅಷ್ಟು ಚೆನ್ನಲ್ಲ. ನಮ್ಮ ಚಿತ್ರದಲ್ಲೇ ನೋಡಿ. 3ನೇ ಮಟ್ಟದ ಸಂಚಿತ 15, ಅದು 6.56 ಆಗಿ 7ಕ್ಕೆ ಏರುತ್ತದೆ. 5ನೇ ಮಟ್ಟದ ಸಂಚಿತ 16, ಅದೂ 7. ಬೇಕಾದ ಪಟ್ಟಿಯಲ್ಲೂ 6 ಮತ್ತು 7 ಎರಡರ ಎದುರೂ 7 ಬಂದು ಕೂರುತ್ತದೆ. ಎರಡು ಸಿಕ್ಕರೆ ಚಿಕ್ಕದನ್ನು ಹಿಡಿ ಎಂಬ ರೂಢಿಯಂತೆ ಹಳೆಯ 3 ಮತ್ತು 5 ಎರಡೂ ಹೊಸ 6 ಆಗಿಬಿಡುತ್ತವೆ. ಕೆಳಗಿನ ಬಲ ಮೂಲೆಯಲ್ಲಿ ಒಂಟಿಯಾಗಿ ಹೊಳೆಯುತ್ತಿದ್ದ ಪಿಕ್ಸೆಲ್ ಪಕ್ಕದವುಗಳಲ್ಲಿ ಕರಗಿ ಹೋಯಿತು. ಉಪಗ್ರಹ ಚಿತ್ರದಲ್ಲಿ ಅದೊಂದು ಕಟ್ಟಡದ ಚಾವಣಿ ಇದ್ದಿರಬಹುದು. ನಡುವೆ ಪೂರ್ಣಾಂಕ ಮಾಡದೆ ಸಂಚಿತಗಳನ್ನೇ ನೇರವಾಗಿ ಹೋಲಿಸಿದರೆ ಈ ನಷ್ಟ ಇಲ್ಲ, ಕೆಲಸವೂ ಕಡಿಮೆ.

ಈಗ ಲ್ಯಾಂಡ್‌ಸ್ಯಾಟ್‌ಗೆ ಮರಳಿದರೆ ಕೆಲಸದ ಕ್ರಮ ಸ್ಪಷ್ಟ. ಸಾಲು 1, 7, 13 ಹೀಗೆ ಒಂದೇ ಡಿಟೆಕ್ಟರಿನವನ್ನೆಲ್ಲ ಒಂದು ಕಡೆ ಹಾಕಿ ಸಂಚಿತ ಪಟ್ಟಿ ಬರೆಯಬೇಕು. 2, 8, 14ಕ್ಕೆ ಇನ್ನೊಂದು ಪಟ್ಟಿ. ಹೀಗೆ ಆರು ಪಟ್ಟಿಗಳಾದ ಮೇಲೆ ಒಂದನ್ನೋ, ಅಥವಾ ಇಡೀ ಚಿತ್ರದ ಪಟ್ಟಿಯನ್ನೋ ಮಾದರಿ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ನಾವು ಕೇಳಿದ ಗುಡ್ಡ ಮನಸ್ಸಿಗೆ ಬಂದ ಆಕಾರ, ಅದಕ್ಕೆ ಹಿಂದೆಮುಂದೆ ಇರಲಿಲ್ಲ. ಇಲ್ಲಿನ ಮಾದರಿಗೆ ಆಧಾರವಿದೆ.

ಆ ಆಧಾರ ಕುಸಿಯುವ ಕಡೆ ವಿಧಾನವೂ ಕುಸಿಯುತ್ತದೆ. ಚಿತ್ರದ ಸಣ್ಣ ತುಂಡನ್ನಷ್ಟೇ ಕತ್ತರಿಸಿಕೊಂಡರೆ ಆರು ಡಿಟೆಕ್ಟರ್‌ಗಳಿಗೆ ಒಂದೇ ಬಗೆಯ ನೆಲ ಸಿಗದೆ ಹೋಗಬಹುದು. ಒಂದರ ಸಾಲುಗಳಿಗೆ ಕೆರೆಯ ಪಾಲು ಹೆಚ್ಚು ಬಂದಿದ್ದರೆ, ಹೊಂದಿಕೆ ಆ ನೀರನ್ನು ಬಲವಂತವಾಗಿ ಬೆಳ್ಳಗೆ ಮಾಡಿ ಹೊಸ ಪಟ್ಟೆಯನ್ನೇ ಹುಟ್ಟಿಸುತ್ತದೆ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಅಂಟಿಸುವಾಗಲೂ ಇದೇ ಅಪಾಯ. ಒಂದರಲ್ಲಿ ಅರ್ಧ ಅರಬ್ಬೀ ಸಮುದ್ರ, ಇನ್ನೊಂದರಲ್ಲಿ ಪೂರ್ತಿ ಘಟ್ಟದ ಕಾಡು ಇದ್ದರೆ ಇಡೀ ಚಿತ್ರಗಳನ್ನು ಹೊಂದಿಸುವುದು ಅಸಂಬದ್ಧ. ಎರಡರಲ್ಲೂ ಬಂದಿರುವ ಅಂಚಿನ ಪಟ್ಟಿಯಿಂದ ಮಾತ್ರ ಸಂಚಿತ ಪಟ್ಟಿ ಬರೆದು, ಅದರಿಂದ ಸಿಕ್ಕ ಬದಲಾವಣೆಯನ್ನು ಇಡೀ ಚಿತ್ರಕ್ಕೆ ಹಾಕಬೇಕು. ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ಹೊಂದಿಸಿದರೆ ಬಣ್ಣ ಕೆಡುವುದೂ ಉಂಟು. ಬೂದು ರಸ್ತೆ ಹಸಿರಿಗೆ ತಿರುಗಿದ್ದು ಕಂಡರೆ ಕಾರಣ ಇಲ್ಲಿ ಹುಡುಕಿ.

ಮಾಡಿ ನೋಡುವವರಿಗೆ ಒಂದು ಮಾತು. ಹೊಂದಿಸಿದ ಮೇಲೆ ನಮ್ಮ ಚಿತ್ರದ 5 ಎಂಬ ಅಂಕಿ ನೆಲದಿಂದ ಎಷ್ಟು ಬೆಳಕು ಬಂತು ಎಂದು ಹೇಳುವುದಿಲ್ಲ, ಸಾಲಿನಲ್ಲಿ ಆ ಪಿಕ್ಸೆಲ್ ಎಲ್ಲಿ ನಿಂತಿತ್ತು ಎಂದಷ್ಟೇ ಹೇಳುತ್ತದೆ. ಬೆಳೆ ಎಷ್ಟು ಹಸಿರಾಗಿದೆ ಎಂಬಂಥ ಅಳತೆಗೆ ಇಂಥ ಚಿತ್ರವನ್ನು ಬಳಸಬೇಡಿ. ಅದಕ್ಕಾಗಿ ಮೂಲ ಫೈಲನ್ನು ಮುಟ್ಟದೆ ಬೇರೆ ಇಟ್ಟುಕೊಳ್ಳಿ.