ಮೂತ್ರ ಪೂರ್ತಿ ಹೋಗುತ್ತಿಲ್ಲ: ತೊಂದರೆ ದಾರಿಯಲ್ಲೋ, ಮೂತ್ರಕೋಶದಲ್ಲೋ?

ಉದಾಹರಣೆಗೆ ಒಬ್ಬರನ್ನು ತೆಗೆದುಕೊಳ್ಳೋಣ. ವಯಸ್ಸು 68, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಗದಗದಿಂದ ಪುಣೆಯ ಮಗನ ಮನೆಗೆ ಬಂದಿದ್ದಾರೆ. ಮೂತ್ರ ಸಣ್ಣದಾಗಿ, ತಡೆದು ತಡೆದು ಬರುತ್ತದೆ. ಮುಕ್ಕದಿದ್ದರೆ ಬರುವುದೇ ಇಲ್ಲ. ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್ ಸ್ವಲ್ಪ ದೊಡ್ಡದಾಗಿದೆ, ಮೂತ್ರ ಮಾಡಿದ ಮೇಲೂ 240 ಮಿ.ಲೀ. ಉಳಿದಿದೆ ಎಂದು ಬಂದಿದೆ. ಮನೆಯವರು ಪ್ರಾಸ್ಟೇಟ್ ಆಪರೇಷನ್‌ಗೆ ಸಿದ್ಧರಾಗಿದ್ದರು. ಡಾಕ್ಟರ್ ಮಾತ್ರ ಮೊದಲು ಯೂರೋಡೈನಮಿಕ್ ಪರೀಕ್ಷೆ ಮಾಡಿಸಿ ಎಂದರು. ಯಾಕೆ?

ಮೂತ್ರ ಉಳಿಯುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿರಬಹುದು. ಹೊರಹೋಗುವ ದಾರಿ ಇಕ್ಕಟ್ಟಾಗಿರಬಹುದು, ಇಲ್ಲವೇ ಮೂತ್ರಕೋಶದ ಸ್ನಾಯುವಿಗೆ ಹಿಂಡುವ ಶಕ್ತಿ ಕುಂದಿರಬಹುದು. ರೋಗಿಗೆ ಎರಡರಲ್ಲೂ ಒಂದೇ ಥರ ತೊಂದರೆ ಕಾಣುತ್ತದೆ, ಸ್ಕ್ಯಾನ್‌ನಲ್ಲೂ ಒಂದೇ ಥರದ ಅಂಕಿ ಬರುತ್ತದೆ. ಆದರೆ ಆಪರೇಷನ್‌ನಿಂದ ಸರಿಹೋಗುವುದು ದಾರಿ ಮಾತ್ರ.

ಉಳಿದ ಮೂತ್ರವನ್ನು ಅಳೆಯುವುದು ಹೇಗೆ?

ಮೂತ್ರ ಮಾಡಿದ ಕೂಡಲೇ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂಬುದೇ ವರದಿಯಲ್ಲಿ PVR ಎಂದು ಬರುವ ಅಂಕಿ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿ ಲೆಕ್ಕ ಹಾಕುತ್ತಾರೆ, ಅಥವಾ ತೆಳು ಕ್ಯಾಥೆಟರ್ ಹಾಕಿ ತೆಗೆದು ಅಳೆಯುತ್ತಾರೆ. 50 ಮಿ.ಲೀ.ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 200 ದಾಟಿ, ಮತ್ತೆ ಮತ್ತೆ ಅಷ್ಟೇ ಬಂದರೆ ಕಾರಣ ಹುಡುಕಬೇಕಾಗುತ್ತದೆ.

ಈ ಅಂಕಿ ಸುಲಭವಾಗಿ ತಪ್ಪಾಗುತ್ತದೆ. ಸ್ಕ್ಯಾನ್‌ಗೆಂದು ಒಂದೂವರೆ ಲೀಟರ್ ನೀರು ಕುಡಿದು, ಸರದಿ ಬರುವವರೆಗೆ ತಡೆದುಕೊಂಡು ಕುಳಿತರೆ ಮೂತ್ರಕೋಶ ಮಿತಿಮೀರಿ ಹಿಗ್ಗುತ್ತದೆ. ಆಗ ಆರೋಗ್ಯವಂತರಿಗೂ ಪೂರ್ತಿ ಖಾಲಿ ಮಾಡಲಾಗದೆ ಇರಬಹುದು. ಮೂತ್ರ ಮಾಡಿಬಂದು ಅರ್ಧ ಗಂಟೆ ಕಾಯಿಸಿದರೂ ಅಷ್ಟೇ: ಕಿಡ್ನಿಗಳು ಅಷ್ಟರಲ್ಲಿ ಹೊಸ ಮೂತ್ರ ತುಂಬಿಸಿರುತ್ತವೆ. ಹಾಗಾಗಿ ಒಂದೇ ಸಲದ ಅಳತೆಯನ್ನು ನಂಬಿ ತೀರ್ಮಾನಿಸಬಾರದು. ಸಹಜವಾಗಿ ಅವಸರವಾದಾಗ ಹೋಗಿ, ಕೂಡಲೇ ಅಳೆಸಬೇಕು. ನಮ್ಮ ಉದಾಹರಣೆಯವರಿಗೆ ಹೀಗೆ ಮತ್ತೆ ಅಳೆದಾಗ 210 ಬಂತು. ಅಂದರೆ ತೊಂದರೆ ನಿಜವೇ.

ಪರೀಕ್ಷೆಯ ದಿನ

ಸೋಂಕು ಇದ್ದರೆ ಪರೀಕ್ಷೆ ಮುಂದೂಡುವುದರಿಂದ ಮೊದಲೇ ಮೂತ್ರ ಪರೀಕ್ಷೆ ಮಾಡಿಸಿರುತ್ತಾರೆ. ಬರುವಾಗ ಎಲ್ಲ ಮಾತ್ರೆಗಳ ಪಟ್ಟಿ ತನ್ನಿ. ಕ್ಲೋರ್ಫೆನಿರಮೈನ್ ಇರುವ ನೆಗಡಿ ಮಾತ್ರೆ, ಅಮಿಟ್ರಿಪ್ಟಿಲಿನ್, ಪದೇಪದೇ ಅವಸರವಾಗುವುದಕ್ಕೆ ಕೊಡುವ ಸೋಲಿಫೆನಾಸಿನ್ ಮುಂತಾದವು ಉಳಿಯುವ ಮೂತ್ರವನ್ನು ಹೆಚ್ಚಿಸಬಲ್ಲವು. ಯಾವುದನ್ನು ನಿಲ್ಲಿಸಬೇಕು ಎಂದು ಡಾಕ್ಟರ್ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ.

ಮೊದಲು ತುಂಬಿದ ಮೂತ್ರಕೋಶದಿಂದ ಅಳತೆಯಂತ್ರವಿರುವ ಕಮೋಡ್‌ನಲ್ಲಿ ಮೂತ್ರ ಮಾಡಿಸುತ್ತಾರೆ. ಬಳಿಕ ಮರಗಟ್ಟಿಸುವ ಜೆಲ್ ಹಚ್ಚಿ ಸುಮಾರು 2 ಮಿ.ಮೀ. ದಪ್ಪದ ಕ್ಯಾಥೆಟರನ್ನು ಮೂತ್ರಕೋಶಕ್ಕೆ ಇಳಿಸುತ್ತಾರೆ. ಇನ್ನೊಂದು ತೆಳು ನಳಿಕೆಯನ್ನು ಗುದದ್ವಾರದೊಳಗೆ ಇಡುತ್ತಾರೆ. ಎಚ್ಚರ ತಪ್ಪಿಸುವುದಿಲ್ಲ, ನೋವಿಗಿಂತ ಮುಜುಗರ ಮತ್ತು ಉರಿಯೇ ಹೆಚ್ಚು.

ಆಮೇಲೆ ಮೂತ್ರಕೋಶಕ್ಕೆ ನಿಧಾನವಾಗಿ ಸಲೈನ್ ತುಂಬಿಸುತ್ತಾರೆ. ಮೊದಲು ತುಂಬಿದಂತೆ ಅನಿಸಿದ್ದು ಯಾವಾಗ, ಮೂತ್ರಕ್ಕೆ ಹೋಗಬೇಕು ಅನಿಸಿದ್ದು ಯಾವಾಗ, ಇನ್ನು ತಡೆಯಲಾಗದು ಅನಿಸಿದ್ದು ಯಾವಾಗ ಎಂದು ಕೇಳುತ್ತಾರೆ. ನೀವು ಹೇಳಿದ ಕ್ಷಣವೇ ಗ್ರಾಫ್‌ನ ಮೇಲೆ ಗುರುತಾಗುತ್ತದೆ. ಈ ಭಾಗವನ್ನು ಯಂತ್ರ ಅಳೆಯಲಾರದು, ರೋಗಿಯ ಮಾತೇ ಅಳತೆ. ಹಿಂದಿ, ಮರಾಠಿ ಬಾರದ ಹಿರಿಯರು ಎಲ್ಲದಕ್ಕೂ ತಲೆಯಾಡಿಸಿದರೆ ಗುರುತು ತಪ್ಪು ಜಾಗದಲ್ಲಿ ಬೀಳುತ್ತದೆ. ಜೊತೆಗೆ ಬಂದವರು ಒಳಗಿರಲು ಅನುಮತಿ ಕೇಳಿ. ಆಗದಿದ್ದರೆ ಒಂದು, ಎರಡು, ಮೂರು ಬೆರಳು ತೋರಿಸುವ ಸನ್ನೆಯನ್ನು ಟೆಕ್ನಿಷಿಯನ್ ಮುಂದೆಯೇ ಮಾತಾಡಿಕೊಳ್ಳಿ.

ಕೊನೆಗೆ ನಳಿಕೆಗಳು ಇರುವಂತೆಯೇ ಮೂತ್ರ ಮಾಡಲು ಹೇಳುತ್ತಾರೆ. ಕೆಲವರಿಗೆ ಸಂಕೋಚದಿಂದ ಬರುವುದೇ ಇಲ್ಲ. ಮನೆಯಲ್ಲಿ ಹೀಗಾಗುವುದಿಲ್ಲ ಎಂದಾದರೆ ಆಗಲೇ ಹೇಳಿ. ಹೇಳದಿದ್ದರೆ ಅದು ಸ್ನಾಯುವಿನ ದೌರ್ಬಲ್ಯದಂತೆ ಕಾಣಬಹುದು.

ಗ್ರಾಫ್‌ನ ಗೆರೆಗಳು

ಮೂತ್ರಕೋಶದೊಳಗಿನ ಒತ್ತಡ Pves. ಗುದದ್ವಾರದ ನಳಿಕೆ ಅಳೆಯುವ ಹೊಟ್ಟೆಯ ಒತ್ತಡ Pabd. ಮುಕ್ಕಿದಾಗ, ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೂತ್ರಕೋಶದ ಮೇಲೂ ಬೀಳುತ್ತದೆ. ಅದನ್ನು ಕಳೆದರೆ ಉಳಿಯುವುದು ಮೂತ್ರಕೋಶದ ಸ್ನಾಯುವಿನ ಸ್ವಂತ ಬಲ, ಅಂದರೆ Pdet. ಇವುಗಳ ಜೊತೆ ಮೂತ್ರ ಹರಿಯುವ ವೇಗದ ಗೆರೆಯೂ ಇರುತ್ತದೆ. ಅದರ ಗರಿಷ್ಠ ಮಟ್ಟ Qmax.

ಆಗಾಗ ಕೆಮ್ಮಲು ಹೇಳುವುದು ಇದೇ ಕಾರಣಕ್ಕೆ. ಕೆಮ್ಮಿದಾಗ Pves, Pabd ಎರಡರಲ್ಲೂ ಸಮನಾದ ಮುಳ್ಳು ಏಳಬೇಕು. ಒಂದರಲ್ಲಿ ಗಿಡ್ಡವಾಗಿದ್ದರೆ ನಳಿಕೆಯಲ್ಲಿ ಗಾಳಿಗುಳ್ಳೆ ಸೇರಿದೆ, ಮಡಚಿದೆ ಅಥವಾ ಜಾರಿದೆ ಎಂದರ್ಥ. ಅದನ್ನು ಸರಿಮಾಡದೆ ಮುಂದುವರಿದರೆ ಕಳೆದು ಬರುವ Pdet ಕೂಡ ತಪ್ಪಾಗುತ್ತದೆ. ತುಂಬಿಸುವಾಗ ಕೆಮ್ಮು, ಮುಕ್ಕುವಿಕೆ ಯಾವುದೂ ಇಲ್ಲದೆ Pdet ತಾನಾಗಿ ಅಲೆಯಂತೆ ಎದ್ದರೆ ಮೂತ್ರಕೋಶ ಬೇಡದ ಹೊತ್ತಿಗೆ ಹಿಂಡುತ್ತಿದೆ ಎಂದು ಓದುತ್ತಾರೆ.

ಈಗ ನಮ್ಮ ಉದಾಹರಣೆಗೆ ಬರೋಣ. ಮೂತ್ರ ಅತಿ ವೇಗವಾಗಿ ಹರಿದ ಕ್ಷಣದಲ್ಲಿ Pves 62, Pabd 40, ವೇಗ ಸೆಕೆಂಡಿಗೆ 6 ಮಿ.ಲೀ. 62ರಲ್ಲಿ 40 ಕಳೆದರೆ ಸ್ನಾಯುವಿನ ಬಲ ಬರೀ 22. ಅಂದರೆ ಹರಿವಿನ ಹಿಂದಿದ್ದ ಒತ್ತಡದಲ್ಲಿ ದೊಡ್ಡ ಪಾಲು ಹೊಟ್ಟೆಯ ಒತ್ತಡವೇ. ಗಂಡಸರಲ್ಲಿ ಅಡ್ಡಿಯನ್ನು ಅಳೆಯಲು ಈ ಬಲದಿಂದ ವೇಗದ ಎರಡು ಪಟ್ಟನ್ನು ಕಳೆಯುತ್ತಾರೆ: 22 − 12 = 10. ಉತ್ತರ 40 ಮೀರಿದರೆ ಅಡ್ಡಿ ಇದೆ, 20ಕ್ಕಿಂತ ಕಡಿಮೆ ಇದ್ದರೆ ಇಲ್ಲ, ನಡುವೆ ಇದ್ದರೆ ಖಚಿತವಿಲ್ಲ. ಸ್ನಾಯುವಿನ ಶಕ್ತಿಗೆ ವೇಗದ ಐದು ಪಟ್ಟನ್ನು ಕೂಡುತ್ತಾರೆ: 22 + 30 = 52. 100ಕ್ಕಿಂತ ಕಡಿಮೆ ಎಂದರೆ ದುರ್ಬಲ. ಇವರ ದಾರಿ ಇಕ್ಕಟ್ಟಾಗಿಲ್ಲ, ಮೂತ್ರಕೋಶ ಸೋತಿದೆ. ಬಹುಕಾಲದ ಸಕ್ಕರೆ ಕಾಯಿಲೆ ಮೂತ್ರಕೋಶದ ನರಗಳನ್ನು ಹೀಗೆ ಕುಂದಿಸಬಲ್ಲದು.

ಇನ್ನೊಬ್ಬರಿಗೆ ಅದೇ 6 ಮಿ.ಲೀ. ವೇಗ, ಅಷ್ಟೇ ಉಳಿಕೆ, ಆದರೆ ಸ್ನಾಯುವಿನ ಬಲ 90 ಇದ್ದರೆ ಲೆಕ್ಕ 78 ಆಗುತ್ತದೆ. ಅದು ಸ್ಪಷ್ಟವಾಗಿ ಅಡ್ಡಿ. ಅಂಥವರಿಗೆ ಆಪರೇಷನ್‌ನಿಂದ ಪ್ರಯೋಜನವಾಗುವ ಸಂಭವ ಹೆಚ್ಚು. ಮೊದಲನೆಯವರಿಗೆ ಆಪರೇಷನ್ ಮಾಡಿದರೂ ಮೂತ್ರ ಉಳಿಯುತ್ತಲೇ ಇರುವ ಸಾಧ್ಯತೆ ದೊಡ್ಡದು. ಹೊತ್ತಿಗೆ ಸರಿಯಾಗಿ ಹೋಗುವುದು, ಬೇಕಿದ್ದರೆ ದಿನಕ್ಕೆ ಕೆಲವು ಸಲ ಶುಚಿಯಾದ ಕ್ಯಾಥೆಟರ್‌ನಿಂದ ತಾವೇ ಖಾಲಿ ಮಾಡಿಕೊಳ್ಳುವುದನ್ನು ಕಲಿಯುವುದು, ಕಿಡ್ನಿಯ ಮೇಲೆ ನಿಗಾ ಇಡುವುದು ಅವರ ಮುಂದಿರುವ ದಾರಿಗಳು.

ಈ ಎರಡು ಲೆಕ್ಕಗಳು ಹೆಂಗಸರಿಗೆ ಅನ್ವಯಿಸುವುದಿಲ್ಲ. ಗಂಡಸರಲ್ಲೂ ಅಂಕಿಯೊಂದನ್ನೇ ನೋಡದೆ ಪೂರ್ತಿ ಗ್ರಾಫ್ ಮತ್ತು ರೋಗಿಯ ತೊಂದರೆ ಎರಡನ್ನೂ ಸೇರಿಸಿ ಓದಬೇಕು.

ಮನೆಗೆ ಬಂದ ಮೇಲೆ

ಒಂದೆರಡು ದಿನ ಸ್ವಲ್ಪ ಉರಿ, ಮೂತ್ರದಲ್ಲಿ ತಿಳಿ ಗುಲಾಬಿ ಬಣ್ಣ ಇರಬಹುದು. ಡಾಕ್ಟರ್ ನೀರಿಗೆ ಮಿತಿ ಹಾಕಿಲ್ಲದಿದ್ದರೆ ಸಾಕಷ್ಟು ನೀರು ಕುಡಿಯಿರಿ. ಚಳಿಜ್ವರ ಬಂದರೆ, ರಕ್ತದ ಗಡ್ಡೆ ಕಂಡರೆ ಅಥವಾ ಮೂತ್ರ ಪೂರ್ತಿ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವರದಿಯ ಜೊತೆ ಗ್ರಾಫ್‌ನ ಪ್ರತಿಯನ್ನೂ ಕೇಳಿ ಪಡೆಯಿರಿ. ಮುಂದೆ ಬೇರೆ ಊರಿನ ಡಾಕ್ಟರಿಗೆ ತೋರಿಸುವಾಗ ಅವರು ನೋಡಬಯಸುವುದು ಆ ಗೆರೆಗಳನ್ನೇ.